ಮೂರು ಕೊಳವೆ, ಒಂದು ತೊಟ್ಟಿ, ನಾಲ್ಕು ಉತ್ತರ

ಪುಟದ ಫೋಟೊ ಅಷ್ಟೇನೂ ಚೆನ್ನಾಗಿ ಬಂದಿಲ್ಲ. ಪುಸ್ತಕದ ಹೊಲಿಗೆಯ ಕಡೆ ಹಾಳೆ ಬಾಗಿದ್ದರಿಂದ ಸಾಲುಗಳು ಒಳಕ್ಕೆ ಜಾರಿವೆ, ಮೇಲಿನ ಮೂಲೆಯಲ್ಲಿ ಯಾರದೋ ಹೆಬ್ಬೆರಳಿನ ನೆರಳು ಬಿದ್ದಿದೆ. ಸ್ಪರ್ಧಾತ್ಮಕ ಪರೀಕ್ಷೆಗೆ ಓದುವ ಹುಡುಗ ಹುಡುಗಿಯರ ಮೊಬೈಲಿನಲ್ಲಿ ಇಂಥ ಚಿತ್ರಗಳು ರಾಶಿಗಟ್ಟಲೆ ಇರುತ್ತವೆ. ಧಾರವಾಡದ ಸಪ್ತಾಪುರದ ಕೋಣೆಯಿಂದ ಬೆಂಗಳೂರಿನ ವಿಜಯನಗರದ ಕೋಣೆಗೆ, ಅಲ್ಲಿಂದ ಇನ್ನೆಲ್ಲಿಗೋ ಅವು ಹರಿದಾಡುತ್ತವೆ. ಪಕ್ಕದ ಮನೆಯ ಹುಡುಗಿ ನನಗೆ ಕಳಿಸಿದ ಈ ಪುಟದಲ್ಲಿ ‘ಕೆಲಸ ಮತ್ತು ಕಾಲ’ ಅಧ್ಯಾಯದ ಒಂದು ಲೆಕ್ಕಕ್ಕೆ ಪೆನ್ಸಿಲಿನಿಂದ ಸುತ್ತು ಹಾಕಿದೆ.

“ಎ ಎಂಬ ಕೊಳವೆಯು ಒಂದು ತೊಟ್ಟಿಯನ್ನು 12 ಗಂಟೆಗಳಲ್ಲಿಯೂ ಬಿ ಎಂಬ ಕೊಳವೆಯು 15 ಗಂಟೆಗಳಲ್ಲಿಯೂ ತುಂಬಿಸುತ್ತವೆ. ತುಂಬಿದ ತೊಟ್ಟಿಯನ್ನು ಸಿ ಎಂಬ ಕೊಳವೆಯು 20 ಗಂಟೆಗಳಲ್ಲಿ ಖಾಲಿ ಮಾಡುತ್ತದೆ. ಬೆಳಿಗ್ಗೆ 6 ಗಂಟೆಗೆ ಎ, 7 ಗಂಟೆಗೆ ಬಿ, 9 ಗಂಟೆಗೆ ಸಿ ಕೊಳವೆಯನ್ನು ತೆರೆದರೆ ತೊಟ್ಟಿಯು ಎಷ್ಟು ಹೊತ್ತಿಗೆ ತುಂಬುತ್ತದೆ?” ಕೆಳಗೆ ನಾಲ್ಕು ಆಯ್ಕೆಗಳು: (1) ಮಧ್ಯಾಹ್ನ 12.05, (2) ಮಧ್ಯಾಹ್ನ 3.10, (3) ಮಧ್ಯಾಹ್ನ 3.17, (4) ಸಂಜೆ 4.00.

ತುಂಬುತ್ತಿರುವ ತೊಟ್ಟಿಯ ತಳದ ನಲ್ಲಿಯನ್ನು ಬುದ್ಧಿ ನೆಟ್ಟಗಿರುವ ಯಾರಾದರೂ ಯಾಕೆ ತೆರೆಯುತ್ತಾರೆ ಎಂದು ಶಾಲೆಯಲ್ಲಿದ್ದಾಗ ನನಗೆ ಅನ್ನಿಸುತ್ತಿತ್ತು. ಈಗ ಬೆಂಗಳೂರಿನ ಯಾವುದೇ ಅಪಾರ್ಟ್‌ಮೆಂಟಿನ ಸಂಪಿನ ಪಕ್ಕ ನಿಂತರೆ ಉತ್ತರ ಕಾಣುತ್ತದೆ. ಒಂದು ಕಡೆಯಿಂದ ಕಾವೇರಿ ನೀರು ಬೀಳುತ್ತಿರುತ್ತದೆ, ಇನ್ನೊಂದು ಕಡೆಯಿಂದ ಬೋರ್‌ವೆಲ್ ನೀರು. ಅದೇ ಹೊತ್ತಿಗೆ ಮೋಟರು ಸಂಪಿನ ನೀರನ್ನು ಮೇಲಿನ ಟ್ಯಾಂಕಿಗೆ ಎಳೆಯುತ್ತಿರುತ್ತದೆ. ಎ, ಬಿ, ಸಿ ಮೂವರೂ ಅಲ್ಲೇ ಇದ್ದಾರೆ.

ಲೆಕ್ಕಕ್ಕೆ ಬರೋಣ. ಸಿ ಕೊಳವೆಯನ್ನು ಸದ್ಯಕ್ಕೆ ಮರೆತು, ಎ ಮತ್ತು ಬಿ ಎರಡನ್ನೇ ಒಟ್ಟಿಗೆ ತೆರೆದರೆ ತೊಟ್ಟಿ ತುಂಬಲು ಎಷ್ಟು ಹೊತ್ತು ಬೇಕು? ಕೈ ಮೊದಲು ಹೋಗುವುದು 12ನ್ನೂ 15ನ್ನೂ ಕೂಡಿಸುವುದಕ್ಕೆ. 27 ಗಂಟೆ ಎಂದು ಬಂದಾಗ, ಒಂದೇ ಕೊಳವೆಗೆ 12 ಗಂಟೆ ಸಾಕಾಗಿದ್ದಾಗ ಎರಡಕ್ಕೆ 27 ಹೇಗೆ ಎಂದು ಎಚ್ಚರವಾಗುತ್ತದೆ. ಎರಡನೆಯ ಆಸೆ ಸರಾಸರಿಯದು, ಹದಿಮೂರೂವರೆ ಗಂಟೆ. ಅದೂ ಅಷ್ಟೇ ತಪ್ಪು. ಎ ಒಂದೇ 12 ಗಂಟೆಯಲ್ಲಿ ಮುಗಿಸುವ ಕೆಲಸಕ್ಕೆ ಬಿ ಕೈಜೋಡಿಸಿದ ಮೇಲೆ ಒಂದೂವರೆ ಗಂಟೆ ಹೆಚ್ಚು ಹಿಡಿಯುವುದಿಲ್ಲ.

ಗಂಟೆಗಳನ್ನು ಕೂಡಿಸಲು ಬರುವುದಿಲ್ಲ, ಯಾಕೆಂದರೆ ಎರಡೂ ಕೊಳವೆಗೆ ಆ ಗಂಟೆಗಳು ಒಂದೇ. ಗಡಿಯಾರದಲ್ಲಿ ಒಂದು ಗಂಟೆ ಕಳೆದರೆ ಎಗೂ ಒಂದು ಗಂಟೆ ಕಳೆಯಿತು, ಬಿಗೂ ಒಂದು ಗಂಟೆ ಕಳೆಯಿತು. ಒಂದರ ಮೇಲೊಂದು ಸೇರಿಕೊಳ್ಳುವುದು ನೀರು. ಹಾಗಾಗಿ ಒಂದು ಗಂಟೆಯಲ್ಲಿ ಯಾರು ಎಷ್ಟು ನೀರು ತಂದರು ಎನ್ನುವುದನ್ನು ಮಾತ್ರ ಕೂಡಿಸಬಹುದು. ಈ ಅಧ್ಯಾಯದ ಲೆಕ್ಕಗಳೆಲ್ಲ ಇಷ್ಟರ ಮೇಲೆ ನಿಂತಿವೆ.

ಗಂಟೆಗೆ ಎಷ್ಟು ನೀರು ಎಂದು ಹೇಳಬೇಕಾದರೆ ತೊಟ್ಟಿಯ ಅಳತೆ ಗೊತ್ತಿರಬೇಕು. ಪ್ರಶ್ನೆಯಲ್ಲಿ ಅದಿಲ್ಲ. ಇಲ್ಲದಿರುವುದು ಅನುಕೂಲವೇ ಆಯಿತು, ನಮಗೆ ಬೇಕಾದ ಅಳತೆಯನ್ನು ನಾವೇ ಇಟ್ಟುಕೊಳ್ಳಬಹುದು. 12, 15, 20 ಮೂರರಿಂದಲೂ ಶೇಷವಿಲ್ಲದೆ ಭಾಗವಾಗುವ ಅತಿ ಚಿಕ್ಕ ಸಂಖ್ಯೆ 60. ಶಾಲೆಯಲ್ಲಿ ಇದನ್ನೇ ಲಸಾಅ ಎಂದು ಕಲಿಸಿದ್ದರು. ತೊಟ್ಟಿಯಲ್ಲಿ 60 ಪಾಲು ನೀರು ಹಿಡಿಯುತ್ತದೆ ಅನ್ನೋಣ. ಬರಿಯ ಪಾಲು ಎಂದರೆ ಮನಸ್ಸಿಗೆ ಹಿಡಿಯದವರು ಒಂದು ಪಾಲು ಎಂದರೆ ನೂರು ಲೀಟರ್, ತೊಟ್ಟಿ ಆರು ಸಾವಿರ ಲೀಟರಿನದು ಎಂದುಕೊಳ್ಳಬಹುದು. 60ರ ಬದಲು 120 ಅಥವಾ 100 ಇಟ್ಟುಕೊಂಡರೂ ಉತ್ತರ ಬದಲಾಗುವುದಿಲ್ಲ. 60 ಹಿಡಿದರೆ ನಡುವೆ ಭಿನ್ನರಾಶಿ ಕಾಟ ಕೊಡುವುದಿಲ್ಲ, ಅಷ್ಟೇ ಲಾಭ.

ಈಗ ಎ ಗಂಟೆಗೆ 60 ÷ 12, ಅಂದರೆ 5 ಪಾಲು ತರುತ್ತದೆ. ಬಿ ಗಂಟೆಗೆ 4 ಪಾಲು ತರುತ್ತದೆ. ಸಿ ಗಂಟೆಗೆ 3 ಪಾಲು ಒಯ್ಯುತ್ತದೆ. ಎ ಮತ್ತು ಬಿ ಸೇರಿದರೆ ಗಂಟೆಗೆ 9, ಹಾಗಾಗಿ 60 ಪಾಲಿಗೆ 6 ಗಂಟೆ 40 ನಿಮಿಷ. ಇದು ಸರಿಯೋ ಎಂದು ಕಾಗದ ಪೆನ್ನಿಲ್ಲದೆ ನೋಡುವುದಕ್ಕೆ ಒಂದು ದಾರಿಯಿದೆ. ಎರಡೂ ಕೊಳವೆ ಎಯಷ್ಟೇ ಜೋರಾಗಿದ್ದಿದ್ದರೆ 6 ಗಂಟೆ ಸಾಕಾಗುತ್ತಿತ್ತು, ಎರಡೂ ಬಿಯಷ್ಟು ನಿಧಾನವಾಗಿದ್ದಿದ್ದರೆ ಏಳೂವರೆ ಬೇಕಿತ್ತು. ನಿಜವಾದ ಉತ್ತರ ಈ ಎರಡರ ನಡುವೆಯೇ ಬೀಳಬೇಕು. ಬಿದ್ದಿದೆ.

ಫೋಟೊದಲ್ಲಿರುವ ಪ್ರಶ್ನೆ ಇದಕ್ಕಿಂತ ಸ್ವಲ್ಪ ತಿರುವಿನದು, ಕೊಳವೆಗಳನ್ನು ಬೇರೆ ಬೇರೆ ಹೊತ್ತಿಗೆ ತೆರೆದಿದ್ದಾರೆ. ಇಂಥದ್ದನ್ನು ಸೂತ್ರಕ್ಕೆ ತುರುಕಲು ಹೋಗುವುದಕ್ಕಿಂತ ಬೆಳಗಿನಿಂದ ತೊಟ್ಟಿಯ ಪಕ್ಕದಲ್ಲೇ ಕುಳಿತಂತೆ ಲೆಕ್ಕ ಮಾಡುವುದು ವಾಸಿ. ಆರರಿಂದ ಏಳರವರೆಗೆ ಎ ಒಂದೇ ಇದೆ, 5 ಪಾಲು ಬಂತು. ಏಳರಿಂದ ಒಂಬತ್ತರವರೆಗೆ ಎ, ಬಿ ಎರಡೂ ಇವೆ. ಗಂಟೆಗೆ 9ರಂತೆ ಎರಡು ಗಂಟೆಗೆ 18 ಪಾಲು. ಒಂಬತ್ತು ಹೊಡೆಯುವ ಹೊತ್ತಿಗೆ ತೊಟ್ಟಿಯಲ್ಲಿ 23 ಪಾಲು ನೀರಿದೆ, ಇನ್ನೂ 37 ಬೇಕು. ಈಗ ಸಿ ತೆರೆಯಿತು. ಬರುವುದು 9, ಹೋಗುವುದು 3, ಉಳಿಯುವುದು ಗಂಟೆಗೆ 6. 37ನ್ನು 6ರಿಂದ ಭಾಗಿಸಿದರೆ ಆರು ಗಂಟೆ ಮತ್ತು ಒಂದು ಗಂಟೆಯ ಆರನೇ ಒಂದು ಭಾಗ, ಅಂದರೆ 6 ಗಂಟೆ 10 ನಿಮಿಷ. ಒಂಬತ್ತಕ್ಕೆ ಅಷ್ಟು ಸೇರಿಸಿದರೆ ಮಧ್ಯಾಹ್ನ 3.10. ಎರಡನೆಯ ಆಯ್ಕೆ.

ತಾಳೆ ನೋಡುವುದಕ್ಕೆ ಇದೇ ಲೆಕ್ಕವನ್ನು ಇನ್ನೊಂದು ಬಗೆಯಲ್ಲಿ, ಕೊಳವೆ ಕೊಳವೆಗೆ ಬೇರೆ ಖಾತೆ ಬರೆದು ಮಾಡಬಹುದು. 3.10ರ ಹೊತ್ತಿಗೆ ಎ ತೆರೆದು 9 ಗಂಟೆ 10 ನಿಮಿಷವಾಗಿದೆ, ಅದು ತಂದದ್ದು ನಲವತ್ತಾರಕ್ಕೆ ಒಂದಿಷ್ಟು ಕಡಿಮೆ, 45 ಪಾಲು ಮತ್ತು ಐದಾರಾಂಶ. ಬಿ ತೆರೆದು 8 ಗಂಟೆ 10 ನಿಮಿಷ, ಅದರ ಲೆಕ್ಕ 32 ಪಾಲು ಮತ್ತು ನಾಲ್ಕಾರಾಂಶ. ಎರಡೂ ಸೇರಿ ಎಪ್ಪತ್ತೆಂಟೂವರೆ. ಸಿ ಒಯ್ದದ್ದು 6 ಗಂಟೆ 10 ನಿಮಿಷಕ್ಕೆ ಹದಿನೆಂಟೂವರೆ. ಕಳೆದರೆ ಸರಿಯಾಗಿ 60. ಹೊತ್ತಿನ ಪ್ರಕಾರ ಮಾಡಿದರೂ ಕೊಳವೆಯ ಪ್ರಕಾರ ಮಾಡಿದರೂ ಲೆಕ್ಕ ಅದೇ ಜಾಗಕ್ಕೆ ಬಂದು ನಿಲ್ಲುತ್ತದೆ.

ನನಗೆ ಸರಿಯುತ್ತರಕ್ಕಿಂತ ಉಳಿದ ಮೂರು ಆಯ್ಕೆಗಳ ಮೇಲೇ ಹೆಚ್ಚು ಪ್ರೀತಿ. ಪ್ರಶ್ನೆ ಮಾಡಿದವರು ಅವುಗಳನ್ನು ಬಾಯಿಗೆ ಬಂದಂತೆ ಬರೆದಿಲ್ಲ. ಸಂಜೆ 4.00 ಎನ್ನುವುದು ಬೆಳಿಗ್ಗೆ ಆರಕ್ಕೇ ಮೂರೂ ಕೊಳವೆ ತೆರೆದರು ಎಂದು ಓದಿಕೊಂಡವನಿಗೆ ಇಟ್ಟದ್ದು. ಗಂಟೆಗೆ 6ರಂತೆ 60 ಪಾಲಿಗೆ ಹತ್ತು ಗಂಟೆ, ಆರಕ್ಕೆ ಹತ್ತು ಸೇರಿದರೆ ನಾಲ್ಕು. ಲೆಕ್ಕ ಗೊತ್ತಿದ್ದೂ ಕೊನೆಯ ಸಾಲನ್ನು ಅವಸರದಲ್ಲಿ ಓದಿದವನು ಇಲ್ಲಿ ಬೀಳುತ್ತಾನೆ. ಮಧ್ಯಾಹ್ನ 12.05 ಬರುವುದು ಸಿಯನ್ನೂ ತುಂಬಿಸುವ ಕೊಳವೆ ಎಂದು ಹಿಡಿದಾಗ. ಐದು, ನಾಲ್ಕು, ಮೂರು ಕೂಡಿ ಗಂಟೆಗೆ 12. ಉಳಿದ 37 ಪಾಲಿಗೆ 3 ಗಂಟೆ 5 ನಿಮಿಷ. ಸಿಯನ್ನು ಪೂರ್ತಿ ಮರೆತೇಬಿಟ್ಟವನಿಗೆ ಸುಮಾರು 1.07 ಎಂದು ಬರುತ್ತದೆ. ಅದು ಆಯ್ಕೆಗಳಲ್ಲಿ ಇಲ್ಲ, ಹಾಗಾಗಿ ಪಾಪ, ಅವನು ವಾಪಸು ಹೋಗಿ ಪ್ರಶ್ನೆಯನ್ನು ಇನ್ನೊಮ್ಮೆ ಓದುತ್ತಾನೆ.

ಎಲ್ಲಕ್ಕಿಂತ ಕ್ರೂರವಾದದ್ದು 3.17. ಇಲ್ಲಿ ಬೀಳುವವನು ಎಲ್ಲವನ್ನೂ ಸರಿಯಾಗಿ ಮಾಡಿ ಕೊನೆಯ ಹೆಜ್ಜೆಯಲ್ಲಿ ಎಡವುತ್ತಾನೆ. 37ನ್ನು 6ರಿಂದ ಭಾಗಿಸಿ 6.1666 ಎಂದು ಬರೆದು, ಅದನ್ನು 6.17 ಮಾಡಿ, 6 ಗಂಟೆ 17 ನಿಮಿಷ ಎಂದು ಓದಿಬಿಡುತ್ತಾನೆ. ಗಂಟೆಗೆ ನೂರು ನಿಮಿಷವಲ್ಲ. ಬಿಂದುವಿನ ಮುಂದಿನ ಸಂಖ್ಯೆಯನ್ನು 60ರಿಂದ ಗುಣಿಸಿದ ಮೇಲೆಯೇ ಅದು ನಿಮಿಷವಾಗುವುದು. ನಾವು ಹೊತ್ತನ್ನು 3.10 ಎಂದು ಬಿಂದು ಹಾಕಿ ಬರೆಯುವ ಅಭ್ಯಾಸವೂ ಈ ತಪ್ಪಿಗೆ ಒತ್ತಾಸೆ ಕೊಡುತ್ತದೆ. ಬಿಂದುವಿಗೆ ಬದಲು ಗಂಟೆ, ನಿಮಿಷ ಎಂದು ಬಿಡಿಸಿ ಬರೆದರೆ, ಅಥವಾ ಭಿನ್ನರಾಶಿಯನ್ನು ಭಿನ್ನರಾಶಿಯಾಗಿಯೇ ಬಿಟ್ಟರೆ ಈ ಗುಂಡಿ ಕಾಣಿಸುತ್ತದೆ.

ಫೋಟೊದ ಪುಟಕ್ಕೆ ಇನ್ನೊಂದು ತಾಪತ್ರಯವಿದೆ. ಹಾಳೆ ಬಾಗಿದ ಕಡೆ 15 ಎನ್ನುವುದು 16 ಎಂದೋ 13 ಎಂದೋ ಕಾಣಬಹುದು. ಇಂಥ ಪ್ರಶ್ನೆಗಳಲ್ಲಿ ಸಂಖ್ಯೆಯನ್ನು ತಪ್ಪಾಗಿ ಓದಿದ್ದೇವೆ ಎಂದು ಲೆಕ್ಕವೇ ಬಾಯಿಬಿಟ್ಟು ಹೇಳುತ್ತದೆ. ಬಿಗೆ 16 ಗಂಟೆ ಎಂದು ಹಿಡಿದು ನೋಡಿ. ಆಗ ಲಸಾಅ 60ರ ಬದಲು 240 ಆಗುತ್ತದೆ, ಮೂರೂ ಕೊಳವೆ ಸೇರಿದಾಗಿನ ನಿವ್ವಳ ಗಂಟೆಗೆ 23 ಪಾಲಾಗುತ್ತದೆ, ಉಳಿದ 150 ಪಾಲನ್ನು 23ರಿಂದ ಭಾಗಿಸಬೇಕಾಗುತ್ತದೆ. ಬರುವ ಹೊತ್ತು 3.31ರ ಆಸುಪಾಸು, ಅದು ನಾಲ್ಕು ಆಯ್ಕೆಗಳಲ್ಲಿ ಯಾವುದಕ್ಕೂ ಹೊಂದುವುದಿಲ್ಲ. ಬಿಗೆ 13 ಗಂಟೆ ಎಂದರೆ ಲಸಾಅ 780ಕ್ಕೆ ಹಾರುತ್ತದೆ. ಪರೀಕ್ಷೆಗೆ ಪ್ರಶ್ನೆ ಬರೆಯುವವರು ಸಾಮಾನ್ಯವಾಗಿ ನಿಮಿಷದಲ್ಲಿ ನಾಲ್ಕಾರು ಲೆಕ್ಕ ಮಾಡಬಲ್ಲಂಥ ಸಂಖ್ಯೆಗಳನ್ನೇ ಆರಿಸುತ್ತಾರೆ. ಲಸಾಅ ಕೈಮೀರಿ ಬೆಳೆದರೆ ಬುದ್ಧಿಯನ್ನು ಬಯ್ಯುವ ಮೊದಲು ಚಿತ್ರವನ್ನು ದೊಡ್ಡದು ಮಾಡಿ ಇನ್ನೊಮ್ಮೆ ನೋಡುವುದು ಒಳ್ಳೆಯದು.

ಅದೇ ಅಧ್ಯಾಯದಲ್ಲಿ ಕೊಳವೆಗಳ ಜಾಗಕ್ಕೆ ಆಳುಗಳು ಬರುತ್ತಾರೆ. ಒಬ್ಬ ಗೋಡೆಯನ್ನು 12 ದಿನದಲ್ಲಿ ಕಟ್ಟುತ್ತಾನೆ, ಇನ್ನೊಬ್ಬ 15 ದಿನದಲ್ಲಿ. ಒಟ್ಟಿಗೆ ಕೆಲಸ ಮಾಡಿದರೆ ಆರೂ ಮುಕ್ಕಾಲಿಗೆ ಒಂದಿಷ್ಟು ಕಡಿಮೆ, ಆರು ದಿನ ಮತ್ತು ದಿನದ ಮೂರನೇ ಎರಡು ಭಾಗ. ಕೊಳವೆಗಳದೇ ಸಂಖ್ಯೆ, ಅದೇ ಲೆಕ್ಕ. ಆಳುಗಳ ಪ್ರಶ್ನೆಗಳಲ್ಲಿ ಮಾತ್ರ ಹೆಚ್ಚಾಗಿ ಕಾಣಿಸಿಕೊಳ್ಳುವ ಒಂದು ತಿರುವಿದೆ. ಇಬ್ಬರೂ ಒಟ್ಟಿಗೆ ಬರುವುದಿಲ್ಲ, ದಿನ ಬಿಟ್ಟು ದಿನ ಬರುತ್ತಾರೆ. ಮೊದಲ ದಿನ ಒಬ್ಬ, ಎರಡನೆಯ ದಿನ ಇನ್ನೊಬ್ಬ, ಮತ್ತೆ ಮೊದಲಿನವನು. ಗೋಡೆ ಎಷ್ಟು ದಿನಕ್ಕೆ ಮುಗಿಯುತ್ತದೆ?

ಇಲ್ಲಿ ಜಾಣರೇ ಜಾರುತ್ತಾರೆ. ಎರಡು ದಿನಕ್ಕೆ 9 ಪಾಲು ಕೆಲಸ, ಹಾಗಾಗಿ ದಿನಕ್ಕೆ ನಾಲ್ಕೂವರೆ, 60ಕ್ಕೆ ಹದಿಮೂರು ದಿನ ಮತ್ತು ಮೂರನೇ ಒಂದು ಭಾಗ ಎಂದು ಹೇಳಿಬಿಡುತ್ತಾರೆ. ನಿಧಾನವಾಗಿ ನಡೆದು ನೋಡೋಣ. ಎರಡೆರಡು ದಿನದ ಆರು ಜೋಡಿಗಳಲ್ಲಿ, ಅಂದರೆ 12 ದಿನದಲ್ಲಿ, 54 ಪಾಲು ಮುಗಿಯುತ್ತದೆ. ಉಳಿದದ್ದು 6. ಹದಿಮೂರನೆಯ ದಿನ ಜೋರಿನವನ ಸರದಿ. ಅವನು 5 ಪಾಲು ಮುಗಿಸಿ ಹೋಗುತ್ತಾನೆ. ಉಳಿದ 1 ಪಾಲು ಹದಿನಾಲ್ಕನೆಯ ದಿನ ನಿಧಾನದವನ ಪಾಲಿಗೆ, ಅವನಿಗೆ ಅದು ಕಾಲು ದಿನದ ಕೆಲಸ. ಒಟ್ಟು ಹದಿಮೂರೂ ಕಾಲು ದಿನ.

ಈಗ ನಿಧಾನದವನಿಂದ ಶುರು ಮಾಡಿ. ಹನ್ನೆರಡು ದಿನಕ್ಕೆ ಅದೇ 54. ಹದಿಮೂರನೆಯ ದಿನ 4 ಪಾಲು ಆಗುತ್ತದೆ, 2 ಉಳಿಯುತ್ತದೆ. ಮಾರನೆಯ ದಿನ ಜೋರಿನವನಿಗೆ ಅದು ದಿನದ ಐದನೇ ಎರಡು ಭಾಗ. ಒಟ್ಟು ಹದಿಮೂರು ದಿನ ಮತ್ತು ಐದನೇ ಎರಡು. ಇಬ್ಬರೂ ಅವರೇ, ಗೋಡೆಯೂ ಅದೇ, ಮೊದಲ ದಿನ ಯಾರು ಬಂದರು ಎನ್ನುವುದೊಂದೇ ಬದಲಾಗಿದ್ದು, ಉತ್ತರ ಬೇರೆಯಾಯಿತು. ಸರಾಸರಿಯ ಹದಿಮೂರು ದಿನ ಮತ್ತು ಮೂರನೇ ಒಂದು ಈ ಎರಡರ ನಡುವೆ ಎಲ್ಲೋ ನಿಂತಿದೆ, ಅದು ಯಾವ ಕ್ರಮಕ್ಕೂ ಉತ್ತರವಲ್ಲ. ಜೋಡಿ ಪೂರ್ತಿಯಾಗುವವರೆಗೆ ಸರಾಸರಿಯನ್ನು ನಂಬಬಹುದು. ಅರ್ಧ ಜೋಡಿ ಉಳಿದಾಗ ಯಾರ ಸರದಿ ಎಂದು ಕೇಳಲೇಬೇಕು. ಪ್ರಶ್ನೆಯಲ್ಲಿ ‘ಎ ಇಂದ ಆರಂಭಿಸಿ’ ಎನ್ನುವ ಎರಡು ಪದಗಳು ಅದಕ್ಕೇ ಇರುತ್ತವೆ. ಫೋಟೊದ ಅಂಚಿನಲ್ಲಿ ಕತ್ತರಿಸಿಹೋಗುವುದೂ ಸಾಮಾನ್ಯವಾಗಿ ಇಂಥ ಪದಗಳೇ.

ಈ ಲೆಕ್ಕಗಳು ಬ್ಯಾಂಕ್ ಪರೀಕ್ಷೆಗಳ ಜೊತೆ ಹುಟ್ಟಿದವು ಎಂದು ಯಾರಾದರೂ ಅಂದುಕೊಂಡಿದ್ದರೆ ಅದು ಸರಿಯಲ್ಲ. ಚೀನಾದಲ್ಲಿ ಸುಮಾರು ಎರಡು ಸಾವಿರ ವರ್ಷ ಹಿಂದಿನ, ‘ಒಂಬತ್ತು ಅಧ್ಯಾಯಗಳು’ ಎಂದು ಹೆಸರಾದ ಗಣಿತ ಗ್ರಂಥದಲ್ಲಿ ಐದು ಕಾಲುವೆಗಳು ಒಂದು ಕೊಳವನ್ನು ತುಂಬುವ ಪ್ರಶ್ನೆ ಇದೆ. ನಮ್ಮ ಮಳಖೇಡದಿಂದ ಆಳಿದ ಅಮೋಘವರ್ಷ ನೃಪತುಂಗನ ಕಾಲದಲ್ಲಿ, 9ನೇ ಶತಮಾನದಲ್ಲಿ, ಮಹಾವೀರಾಚಾರ್ಯರು ಬರೆದ ‘ಗಣಿತಸಾರಸಂಗ್ರಹ’ದಲ್ಲಿಯೂ ಬಾವಿಯನ್ನು ತುಂಬುವ ಕೊಳವೆಗಳ ಲೆಕ್ಕ ಬರುತ್ತದೆ. ತಗ್ಗು, ಗುಂಡಿ, ಬಾವಿಗಳ ಅಳತೆಯನ್ನು ಹೇಳುವ ಅಧ್ಯಾಯದಲ್ಲಿ ಅವರು ಅದನ್ನು ಇಟ್ಟಿದ್ದಾರೆ.

12ನೇ ಶತಮಾನದ ಭಾಸ್ಕರಾಚಾರ್ಯರ ‘ಲೀಲಾವತಿ’ಯ ಪ್ರಶ್ನೆಯ ಸೊಗಸು ಅದರ ಸಂಖ್ಯೆಗಳಲ್ಲಿದೆ. ನಾಲ್ಕು ನೀರಿನ ಧಾರೆಗಳು ಒಂದು ಕೊಳವನ್ನು ಬಿಡಿಬಿಡಿಯಾಗಿ ಒಂದು ದಿನ, ಅರ್ಧ ದಿನ, ದಿನದ ಮೂರನೇ ಒಂದು, ದಿನದ ಆರನೇ ಒಂದು ಭಾಗದಲ್ಲಿ ತುಂಬಿಸುತ್ತವೆ. ನಾಲ್ಕನ್ನೂ ಒಟ್ಟಿಗೆ ಬಿಟ್ಟರೆ? ಹೊತ್ತನ್ನು ಭಿನ್ನರಾಶಿಯಲ್ಲಿ ಕೊಟ್ಟು ಹೆದರಿಸಿದಂತೆ ಕಾಣುತ್ತದೆ, ಆದರೆ ಅವರು ಸಹಾಯವನ್ನೇ ಮಾಡಿದ್ದಾರೆ. ಅರ್ಧ ದಿನಕ್ಕೆ ಒಂದು ಕೊಳ ತುಂಬಿಸುವ ಧಾರೆ ದಿನಕ್ಕೆ ಎರಡು ಕೊಳ ತುಂಬಿಸುತ್ತದೆ. ಹಾಗೆಯೇ ಮೂರನೆಯದು ಮೂರು, ನಾಲ್ಕನೆಯದು ಆರು. ಒಂದು, ಎರಡು, ಮೂರು, ಆರು ಸೇರಿ ದಿನಕ್ಕೆ 12 ಕೊಳ. ಒಂದು ಕೊಳಕ್ಕೆ ದಿನದ ಹನ್ನೆರಡನೇ ಒಂದು ಭಾಗ ಸಾಕು. ನಾವು ತೊಟ್ಟಿಯನ್ನು 60 ಪಾಲು ಮಾಡಿದೆವು, ಅಲ್ಲಿ ದಿನವನ್ನು ಹಾಗೇ ಬಿಟ್ಟು ಕೊಳಗಳನ್ನು ಎಣಿಸಿದ್ದಾರೆ. ಭಿನ್ನರಾಶಿಯನ್ನು ತಪ್ಪಿಸಿಕೊಳ್ಳುವ ಉಪಾಯ ಎರಡರಲ್ಲೂ ಒಂದೇ.

ಇಷ್ಟೆಲ್ಲ ಹೇಳಿದ ಮೇಲೆ ಒಂದು ತಕರಾರು ಎತ್ತಬೇಕಾಗಿದೆ. ಸಿ ಕೊಳವೆ ತುಂಬಿದ ತೊಟ್ಟಿಯನ್ನು 20 ಗಂಟೆಯಲ್ಲಿ ಖಾಲಿ ಮಾಡುತ್ತದೆ ಎಂದರು, ನಾವು ಗಂಟೆಗೆ 3 ಪಾಲು ಎಂದು ಹಿಡಿದೆವು. ಆ 3 ಪಾಲು ಪ್ರತಿ ಗಂಟೆಯೂ ಅಷ್ಟೇ ಇರುತ್ತದೆ ಎಂದು ನಮಗೆ ಯಾರು ಹೇಳಿದರು? ಪ್ರಶ್ನೆಯಲ್ಲಂತೂ ಇಲ್ಲ.

ಮನೆಯಲ್ಲೇ ನೋಡಬಹುದು. ನೆಟ್ಟಗಿನ ಗೋಡೆಯ ಡ್ರಮ್ಮೊಂದರ ತಳದ ಹತ್ತಿರ ಸಣ್ಣ ತೂತು ಮಾಡಿ ನೀರು ತುಂಬಿಸಿ ಬಿಟ್ಟರೆ, ಮೊದಲು ಧಾರೆ ದೂರಕ್ಕೆ ಚಿಮ್ಮುತ್ತದೆ, ಕೊನೆಕೊನೆಗೆ ಡ್ರಮ್ಮಿನ ಬುಡಕ್ಕೇ ತೊಟ್ಟಿಕ್ಕುತ್ತದೆ. ಡ್ರಮ್ಮು ಪೂರ್ತಿ ಖಾಲಿಯಾಗಲು ಹತ್ತು ನಿಮಿಷ ಬೇಕೆಂದರೆ ನೀರಿನ ಮಟ್ಟ ಅರ್ಧಕ್ಕೆ ಇಳಿಯಲು ಮೂರು ನಿಮಿಷವೂ ಹಿಡಿಯುವುದಿಲ್ಲ. ಉಳಿದರ್ಧಕ್ಕೆ ಏಳು ನಿಮಿಷ. ಗೆಲಿಲಿಯೊನ ಕೊನೆಯ ದಿನಗಳಲ್ಲಿ ಅವನ ಜೊತೆಗಿದ್ದ ಇಟಲಿಯ ಟೊರಿಚೆಲ್ಲಿ 1644ರಲ್ಲಿ ಇದರ ನಿಯಮವನ್ನು ಪ್ರಕಟಿಸಿದ. ತೂತಿನಿಂದ ಹೊರಬರುವ ನೀರಿನ ವೇಗ ಮೇಲೆ ನಿಂತಿರುವ ನೀರಿನ ಆಳದ ವರ್ಗಮೂಲಕ್ಕೆ ತಕ್ಕಂತೆ ಇರುತ್ತದೆ. ಆಳ ಕಾಲುಭಾಗಕ್ಕೆ ಇಳಿದರೆ ವೇಗ ಅರ್ಧಕ್ಕೆ ಇಳಿಯುತ್ತದೆ.

ಈ ನಿಯಮದಿಂದ ಹೊರಡುವ ಒಂದು ಚೆಂದದ ಸಂಗತಿ ಏನೆಂದರೆ, ತುಂಬಿದ ತೊಟ್ಟಿಯ ತೂತಿನಿಂದ ಮೊದಲ ಕ್ಷಣದಲ್ಲಿ ಹರಿಯುವ ನೀರು ಸರಾಸರಿಯ ಸರಿಯಾಗಿ ಎರಡು ಪಟ್ಟು. ನಮ್ಮ ಸಿ 20 ಗಂಟೆಯಲ್ಲಿ 60 ಪಾಲು ಖಾಲಿ ಮಾಡಬೇಕಾದರೆ ತೊಟ್ಟಿ ತುಂಬಿರುವಾಗ ಅದು ಗಂಟೆಗೆ 6 ಪಾಲಿನ ಜೋರಿನಲ್ಲಿ ಹರಿಯುತ್ತಿರುತ್ತದೆ, ತೊಟ್ಟಿ ಬರಿದಾಗುತ್ತ ಬಂದಂತೆ ಸೊನ್ನೆಯ ಕಡೆಗೆ ಇಳಿಯುತ್ತದೆ. 3 ಎನ್ನುವುದು ಒಟ್ಟಾರೆಯ ಸರಾಸರಿ ಮಾತ್ರ.

ಫೋಟೊದ ಪ್ರಶ್ನೆಗೆ ಇದನ್ನು ಹಾಕಿ ನೋಡಿದರೆ ಏನಾಗುತ್ತದೆ? ಎ ಮತ್ತು ಬಿ ಮೇಲಿನಿಂದ ಒಂದೇ ಸಮ ಸುರಿಯುತ್ತವೆ ಎಂದುಕೊಳ್ಳೋಣ, ತೊಟ್ಟಿಯ ಗೋಡೆಗಳು ನೆಟ್ಟಗಿವೆ, ಸಿ ತಳದಲ್ಲಿರುವ ತೂತು. ಒಂಬತ್ತು ಗಂಟೆಗೆ ತೊಟ್ಟಿಯಲ್ಲಿ 23 ಪಾಲು ಇದ್ದಾಗಲೇ ಸಿ ಗಂಟೆಗೆ ಸುಮಾರು 3.7 ಪಾಲು ಒಯ್ಯುತ್ತದೆ. ನೀರು ಏರಿದಷ್ಟೂ ಸೋರುವುದೂ ಏರುತ್ತದೆ. ಕೊನೆಯಲ್ಲಿ ತೊಟ್ಟಿ ತುಂಬಲು ಬಂದಾಗ 9 ಬಂದು 6 ಹೋಗುತ್ತಿರುತ್ತದೆ, ಉಳಿಯುವುದು ಗಂಟೆಗೆ 3 ಮಾತ್ರ. ಪ್ರತಿ ಕ್ಷಣದ ಲೆಕ್ಕವನ್ನು ಕೂಡಿಸಲು ಕಾಲೇಜಿನ ಕಲನಶಾಸ್ತ್ರ ಬೇಕು. ಕೂಡಿಸಿದರೆ ಒಂಬತ್ತರ ನಂತರ 6 ಗಂಟೆ 10 ನಿಮಿಷಕ್ಕೆ ಬದಲು ಸುಮಾರು 9 ಗಂಟೆ 22 ನಿಮಿಷ ಬರುತ್ತದೆ. ತೊಟ್ಟಿ ತುಂಬುವುದು ಸಂಜೆ 6.22ಕ್ಕೆ, ಪುಸ್ತಕದ ಉತ್ತರಕ್ಕಿಂತ ಮೂರು ಗಂಟೆಗೂ ಹೆಚ್ಚು ತಡವಾಗಿ.

ಸಿ ಇನ್ನೂ ಸ್ವಲ್ಪ ದೊಡ್ಡ ತೂತಾಗಿದ್ದು, ತುಂಬಿದ ತೊಟ್ಟಿಯನ್ನು 20ಕ್ಕೆ ಬದಲು 12 ಗಂಟೆಯಲ್ಲಿ ಖಾಲಿ ಮಾಡುವಂತಿದ್ದರೆ ಕತೆ ಇನ್ನೂ ಬಿಗಡಾಯಿಸುತ್ತದೆ. ಪರೀಕ್ಷೆಯ ಲೆಕ್ಕದಲ್ಲಿ ಅದು ಗಂಟೆಗೆ 5 ಪಾಲು ಒಯ್ಯುತ್ತದೆ, 4 ಉಳಿಯುತ್ತದೆ, 37 ಪಾಲಿಗೆ ಒಂಬತ್ತೂಕಾಲು ಗಂಟೆ. ಸಂಜೆ ಆರೂಕಾಲಿಗೆ ತೊಟ್ಟಿ ತುಂಬಿತು ಎಂದು ಗುರುತು ಹಾಕಿ ಮುಂದಿನ ಪ್ರಶ್ನೆಗೆ ಹೋಗಬಹುದು. ಟೊರಿಚೆಲ್ಲಿಯ ತೂತು ಮಾತ್ರ ತೊಟ್ಟಿ ತುಂಬಿದಾಗ ಗಂಟೆಗೆ 10 ಪಾಲು ಒಯ್ಯಬಲ್ಲದು, ಮೇಲಿನಿಂದ ಬರುವುದು 9. ಆ ತೊಟ್ಟಿ ಎಂದಿಗೂ ತುಂಬುವುದಿಲ್ಲ. ನೂರಕ್ಕೆ 81ರ ಮಟ್ಟದ ಹತ್ತಿರ ಬಂದು, ಬರುವುದೂ ಹೋಗುವುದೂ ಸಮವಾಗಿ, ನೀರು ಅಲ್ಲೇ ನಿಂತುಬಿಡುತ್ತದೆ.

ಹಾಗಾದರೆ ಪುಸ್ತಕ ತಪ್ಪೇ ಎಂದು ಕೇಳಿದರೆ, ಸಿ ಕೊಳವೆಯ ಇನ್ನೊಂದು ತುದಿ ಎಲ್ಲಿದೆ ಎನ್ನುವುದರ ಮೇಲೆ ಹೋಗುತ್ತದೆ. ಮೊದಲು ಹೇಳಿದ ಅಪಾರ್ಟ್‌ಮೆಂಟಿನ ಸಂಪಿನಲ್ಲಿ ಸಿ ಎಂದರೆ ಮೋಟರು. ಅದು ನೀರನ್ನು ಮೂರ್ನಾಲ್ಕು ಮಹಡಿ ಎತ್ತುತ್ತಿರುವಾಗ ಸಂಪಿನೊಳಗೆ ನೀರು ಒಂದೆರಡು ಅಡಿ ಏರಿತೋ ಇಳಿಯಿತೋ ಎನ್ನುವುದು ಹೆಚ್ಚೇನೂ ವ್ಯತ್ಯಾಸ ಮಾಡುವುದಿಲ್ಲ, ಹೆಚ್ಚುಕಡಿಮೆ ಒಂದೇ ಸಮ ಎಳೆಯುತ್ತದೆ. ತಾರಸಿಯ ಮೇಲಿನ ಟ್ಯಾಂಕಿನದೂ ಹಾಗೆಯೇ. ಅದರ ಆಳ ಒಂದು ಮೀಟರ್ ಇರಬಹುದು, ಅದರಿಂದ ಇಳಿಯುವ ಕೊಳವೆ ಹತ್ತು ಮೀಟರ್ ಕೆಳಗಿನ ನಲ್ಲಿಯಲ್ಲಿ ತೆರೆದುಕೊಂಡರೆ ನೀರನ್ನು ತಳ್ಳುವ ಎತ್ತರ ಟ್ಯಾಂಕು ತುಂಬಿದಾಗ ಹನ್ನೊಂದು ಮೀಟರ್, ಬರಿದಾಗುವಾಗ ಹತ್ತು. ವರ್ಗಮೂಲ ತೆಗೆದರೆ ವ್ಯತ್ಯಾಸ ನೂರಕ್ಕೆ ಐದರಷ್ಟು. ಅಂಥ ಕೊಳವೆಯನ್ನೇ ಸಿ ಎಂದು ಇಟ್ಟುಕೊಂಡು ನಮ್ಮ ಲೆಕ್ಕವನ್ನು ಮತ್ತೆ ಮಾಡಿದರೆ ಟ್ಯಾಂಕು ತುಂಬುವ ಹೊತ್ತು 3.10ಕ್ಕೆ ಬದಲು ಸುಮಾರು 3.12 ಆಗುತ್ತದೆ, ಎರಡೇ ನಿಮಿಷದ ಅಂತರ.

ಅಂದರೆ ಮನೆಯ ಟ್ಯಾಂಕು, ಸಂಪು, ಮೋಟರುಗಳಿಗೆ ಪರೀಕ್ಷೆಯ ಲೆಕ್ಕ ಧಾರಾಳವಾಗಿ ಸಾಕು. ತೋಟದ ಸಿಮೆಂಟು ತೊಟ್ಟಿಯ ಬುಡದಲ್ಲಿ ತೂಬು ಕಿತ್ತುಹೋಗಿದ್ದರೆ ಸಾಲದು. ಅಲ್ಲಿ ಬೋರ್‌ವೆಲ್ ಚಾಲೂ ಮಾಡಿ ಪುಸ್ತಕದ ಹೊತ್ತಿಗೆ ಸರಿಯಾಗಿ ಆಫ್ ಮಾಡಲು ಬಂದವರು ತೊಟ್ಟಿ ಇನ್ನೂ ತುಂಬದಿರುವುದನ್ನು ನೋಡಿ ಪಂಪಿನ ಮೇಲೆ ಅನುಮಾನ ಪಡುತ್ತಾರೆ. ಪಂಪು ಸರಿಯಾಗಿಯೇ ಇರುತ್ತದೆ. ಪರೀಕ್ಷೆಗೆ ಕುಳಿತವರು ಇದಕ್ಕೆಲ್ಲ ತಲೆ ಕೆಡಿಸಿಕೊಳ್ಳದೆ ಎರಡನೆಯ ಆಯ್ಕೆಗೆ ಗುರುತು ಹಾಕಿದರೆ ಅಂಕ ಬರುತ್ತದೆ.